ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ
(ಗುಂಪು: ಮದ್ದೂರು ಮನೆ)

ಸಿಂಚನ: ಶುಕ್ರವಾರ ಮೈಸೂರಿನಲ್ಲಿ ಚರ್ಚಾಸ್ಪರ್ಧೆ ಇದೆ. ಸ್ವಚ್ಛ ವಿದ್ಯುತ್ತಿನ ಸಾಲಿನಲ್ಲಿ ಅಣುವಿದ್ಯುತ್ತಿಗೆ ಜಾಗ ಇದೆಯೇ ಅನ್ನೋದು ವಿಷಯ. ಚೀಟಿ ಎತ್ತಿದಾಗ ನನಗೆ ‘ಇಲ್ಲ’ ಬಂತು. ಮುಖ್ಯ ಭಾಗ ಹಾಕಿದ್ದೇನೆ, ಓದಿ ಹೇಳಿ.

“ಕೈಗಾದ ನಾಲ್ಕು ಘಟಕ ಸೇರಿದರೂ 880 ಮೆಗಾವ್ಯಾಟ್. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಒಂದೇ 2050. ಬಿಸಿಲೇ ಎರಡು ಪಟ್ಟಿಗಿಂತ ಜಾಸ್ತಿ ಕೊಡುವಾಗ ಅಣುವಿನ ಅಪಾಯ ನಮಗೇಕೆ?”

ಚಿಕ್ಕಮ್ಮ: ಸೂಪರ್ ಪುಟ್ಟಿ 👏👏 ಕೊನೆ ಸಾಲಿಗೆ ಚಪ್ಪಾಳೆ ಗ್ಯಾರಂಟಿ.

ದೊಡ್ಡಪ್ಪ: ಚಪ್ಪಾಳೆ ಬರುತ್ತದೆ. ಆಮೇಲೆ ಎದುರಿನವರು ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಗೆ ಮುಗಿಯಿತು.

ಸಿಂಚನ: ಯಾಕೆ ದೊಡ್ಡಪ್ಪ? ಎರಡು ಅಂಕಿಯೂ ಸರಿಯಾಗಿವೆ. ನೋಡಿಯೇ ಬರೆದಿದ್ದೇನೆ.

ದೊಡ್ಡಪ್ಪ: ಅಂಕಿ ಸರಿ, ಹೋಲಿಕೆ ತಪ್ಪು. ಮೆಗಾವ್ಯಾಟ್ ಅಂದರೆ ಆ ಕ್ಷಣದ ಬಲ. ಮನೆಗೆ ಬರುವುದು ಯೂನಿಟ್. ಒಂದು ಮೆಗಾವ್ಯಾಟ್ ಒಂದು ಗಂಟೆ ಓಡಿದರೆ 1000 ಯೂನಿಟ್. ಕೈಗಾ 880ನ್ನು ಹಗಲು ರಾತ್ರಿ ಓಡಿಸಿದರೆ ದಿನಕ್ಕೆ 2 ಕೋಟಿ 11 ಲಕ್ಷ ಯೂನಿಟ್. ರಿಪೇರಿ, ನಿಲುಗಡೆ ಎಲ್ಲ ಸೇರಿಸಿ ನೂರಕ್ಕೆ ಎಂಬತ್ತೈದು ಹಿಡಿ. ಸುಮಾರು 1 ಕೋಟಿ 80 ಲಕ್ಷ.

ದೊಡ್ಡಪ್ಪ: ಪಾವಗಡ ಬೆಳಿಗ್ಗೆ ನಿಧಾನಕ್ಕೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ಇಳಿಯುತ್ತದೆ. ಮೋಡ ಬಂದರೆ ಅದೂ ಇಲ್ಲ. ರಾಗಿ ರಾಶಿ ಸವರಿ ಮಟ್ಟ ಮಾಡಿದ ಹಾಗೆ ಮಾಡಿದರೆ, ದಿನಕ್ಕೆ ಪೂರ್ತಿ ಬಲದ ಐದು ಗಂಟೆ ಅನ್ನು. 2050ನ್ನು ಐದರಿಂದ ಗುಣಿಸು. 1 ಕೋಟಿ ಯೂನಿಟ್ ಚಿಲ್ಲರೆ.

ಸೋಮಣ್ಣ ಮಾವ: ಭಾವ ಹೇಳುವುದು ನನ್ನ ಬೋರ್‌ವೆಲ್ ಕಥೆ. ನನ್ನದು ಮೂರಿಂಚು ನೀರು, ಪಕ್ಕದವನದು ಒಂದೂವರೆ. ಎರಡು ಗಂಟೆ ಓಡಿದರೆ ನನ್ನದು ಗಾಳಿ ಹೊಡೆಯುತ್ತದೆ. ಅವನದು ಇಡೀ ದಿನ ಸುರಿಯುತ್ತದೆ. ಗದ್ದೆ ತುಂಬುವುದು ಅವನದೇ 😄

ಚಿಕ್ಕಮ್ಮ: ಭಾವ, ಜಡ್ಜ್‌ಗಳು ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಾರಾ? ಮಗು ಸುಮ್ನೆ ಹೆದರುತ್ತದೆ.

ಪ್ರಜ್ವಲ್: ಚಿಕ್ಕಮ್ಮ, ಜಡ್ಜ್ ಬಿಡಿ, ಎದುರು ತಂಡ ಬಿಡಲ್ಲ. ಆದರೆ ಅಪ್ಪಾ, ಅವಳು ‘ಇಲ್ಲ’ ಪಕ್ಷ. ನೀವು ‘ಹೌದು’ ಪಕ್ಷಕ್ಕೆ ಕೋಚಿಂಗ್ ಕೊಡುತ್ತಿದ್ದೀರಿ.

ಸಿಂಚನ: ಅದೇ ಮತ್ತೆ! ಹಾಗಾದರೆ ಹೊಗೆ ಹಿಡಿಯಲಾ? ಗಣಿ, ಸಿಮೆಂಟ್ ಎಲ್ಲ ಸೇರಿಸಿದರೆ ಅಣುವೂ ಸ್ವಚ್ಛ ಅಲ್ಲ ಅಂತ?

ದೊಡ್ಡಪ್ಪ: ಬೇಡ, ಅಲ್ಲಿ ಇನ್ನೂ ಜೋರಾಗಿ ಬೀಳುತ್ತೀಯ. ಗಣಿಯಿಂದ ಹಿಡಿದು ಎಲ್ಲ ಸೇರಿಸಿಯೇ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಒಂದು ಯೂನಿಟ್‌ಗೆ ಹೊರಬರುವ ಇಂಗಾಲದ ಅನಿಲ ಕಲ್ಲಿದ್ದಲಿನಿಂದ 820 ಗ್ರಾಂ, ಅಣುವಿನಿಂದ 12. ಸೋಲಾರ್ ಪಾರ್ಕಿನಿಂದ 48.

ಪ್ರಜ್ವಲ್: ಸಿಂಚು, ಕಾಲ ಹಿಡಿ. ಕೈಗಾ ಮೊದಲ ಘಟಕದ ಕಾಂಕ್ರೀಟ್ ಕೆಲಸ 1989ರಲ್ಲಿ ಶುರು. 1994ರ ಮೇ ತಿಂಗಳಲ್ಲಿ ರಿಯಾಕ್ಟರ್ ಕಟ್ಟಡದ ಒಳಗಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ತಿದ್ದಿ ಮತ್ತೆ ಕಟ್ಟಿ, ವಿದ್ಯುತ್ ಮಾರಿದ್ದು 2000ರಲ್ಲಿ. ಹನ್ನೊಂದು ವರ್ಷ! ಪಾವಗಡದಲ್ಲಿ ಮೊದಲ 600 ಮೆಗಾವ್ಯಾಟ್ 2018ಕ್ಕೆ, ಉಳಿದದ್ದು 2019ರೊಳಗೆ ಬಂತು. ಕಟ್ಟುವಷ್ಟು ವರ್ಷವೂ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ ಅಲ್ವಾ?

ದೊಡ್ಡಪ್ಪ: ಗುಮ್ಮಟ ಬಿದ್ದಾಗ ಒಳಗೆ ಇಂಧನ ಇರಲಿಲ್ಲ, ಅದನ್ನೂ ಹೇಳಬೇಕು. ಮುಚ್ಚಿಟ್ಟರೆ ಎದುರಿನವರು ಎತ್ತುತ್ತಾರೆ. ಆದರೆ ವಾದ ಗಟ್ಟಿ ಇದೆ, ಒಪ್ಪುತ್ತೇನೆ.

ಸೋಮಣ್ಣ ಮಾವ: ಪಂಪಿಗೆ ಹಗಲಲ್ಲೇ ತ್ರೀಫೇಸ್ ಸಿಗುವುದು ಬಿಸಿಲಿಂದ. ರಾತ್ರಿ ಹಾವಿನ ಮಧ್ಯೆ ನೀರು ಕಟ್ಟಿದವರನ್ನು ಕೇಳಿ. ಅದನ್ನೂ ಸೇರಿಸು ಪುಟ್ಟಿ.

ಸಿಂಚನ: ಸಂಜೆ ಏಳಕ್ಕೆ ಸೋಲಾರ್ ಇರಲ್ಲ, ಆಗ ಅಣು ಬೇಕು ಅಂತ ಅವರು ಅಂದರೆ?

ದೊಡ್ಡಪ್ಪ: ಹಾಂ, ಇದು ಒಳ್ಳೆ ಪ್ರಶ್ನೆ. ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡಿದ ನನ್ನನ್ನು ಕೇಳು. ಸಂಜೆ ಎಲ್ಲರ ಮನೆ ದೀಪ, ಮಿಕ್ಸಿ ಒಟ್ಟಿಗೆ ಏಳುತ್ತವೆ. ಆಗ ನಾವು ಫೋನ್ ಮಾಡುತ್ತಿದ್ದದ್ದು ಶರಾವತಿಗೆ. ಕೆಲವೇ ನಿಮಿಷದಲ್ಲಿ ಟರ್ಬೈನ್ ಏರುತ್ತದೆ. ಕೈಗಾಕ್ಕೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಅದು ಎಲ್ಲಿದೆಯೋ ಅಲ್ಲೇ ಓಡುತ್ತದೆ. ಅಂಥ ರಿಯಾಕ್ಟರ್ ನಿಂತು, ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸದಿದ್ದರೆ ಒಳಗೆ ಕ್ಸೆನಾನ್ ಅನ್ನುವ ಅನಿಲ ಜಾಸ್ತಿಯಾಗಿ, ರಿಯಾಕ್ಟರ್ ಓಡಿಸುವ ನ್ಯೂಟ್ರಾನ್ ಕಣಗಳನ್ನು ನುಂಗಿಬಿಡುತ್ತದೆ. ಒಂದೂವರೆ ದಿನ ಕಾಯಬೇಕು. ಅಂದರೆ ಸಂಜೆಯ ಏರಿಕೆಗೆ ಅಣು ಉತ್ತರ ಅಲ್ಲ. ರಾತ್ರಿಯಿಡೀ ಬೇಕಾಗುವ ತಳದ ವಿದ್ಯುತ್ತಿಗೆ ಮಾತ್ರ ಉತ್ತರ.

ಪ್ರಜ್ವಲ್: ಅಪ್ಪ ಪಕ್ಷ ಬದಲಿಸಿದರು 😂

ದೊಡ್ಡಪ್ಪ: ನಾನು ಯಾವ ಪಕ್ಷವೂ ಅಲ್ಲ. ನನ್ನ ಕೇಳಿದರೆ ಕೈಗಾ ಇರಲಿ ಅನ್ನುತ್ತೇನೆ.

ಸಿಂಚನ: ಸರಿ, ಹೀಗೆ ಬದಲಿಸಿದೆ.
“ಯೂನಿಟ್ ಲೆಕ್ಕದಲ್ಲಿ ಕೈಗಾ ಪಾವಗಡಕ್ಕಿಂತ ಮುಂದಿದೆ, ನಾನು ಒಪ್ಪುತ್ತೇನೆ. ನನ್ನ ಪ್ರಶ್ನೆ ಎರಡೇ. ಅದು ಬರಲು ಎಷ್ಟು ವರ್ಷ ಕಾಯಬೇಕು? ಬಂದ ಮೇಲೆ ಸಂಜೆ ಏಳು ಗಂಟೆಗೆ ಒಂದು ಮೆಗಾವ್ಯಾಟ್ ಆದರೂ ಏರಿಸಲು ಆಗುತ್ತದೆಯೇ?”

ಚಿಕ್ಕಮ್ಮ: ಇದಕ್ಕೆ ಚಪ್ಪಾಳೆ ಕಡಿಮೆ ಪುಟ್ಟಿ.

ದೊಡ್ಡಪ್ಪ: ಎದುರಿನವರು ಬ್ಯಾಟರಿ ಇಲ್ಲದೆ ಸೋಲಾರ್ ಮಾತ್ರ ಏರುತ್ತದೆಯಾ ಅಂತ ಕೇಳುತ್ತಾರೆ. ಅದಕ್ಕೆ ಶರಾವತಿ ಇಟ್ಟುಕೋ. ರಾತ್ರಿ ಫೋನ್ ಮಾಡು, ಓದಿಸುತ್ತೇನೆ.