ಕಿರಣ್ ಸಾರೋ, ಮೇಡಮ್ಮೋ?

ಪ್ರಶ್ನೆ (ಬಳ್ಳಾರಿ, ಜೀನ್ಸ್ ಯೂನಿಟ್‌ನ ಆಫೀಸಿನಿಂದ): ಬೆಂಗಳೂರಿನ ಕಂಪನಿಯೊಂದಕ್ಕೆ ಸ್ಯಾಂಪಲ್ ಬಗ್ಗೆ ಮೊದಲ ಸಲ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಹೆಸರು ‘ಕಿರಣ್ ಆರ್.’ ಅಂತ ಮಾತ್ರ ಸಿಕ್ಕಿದೆ. ಗಂಡಸೋ ಹೆಂಗಸೋ, ದೊಡ್ಡ ಹುದ್ದೆಯೋ, ಗೊತ್ತಿಲ್ಲ. ಹೇಗೆ ಶುರು ಮಾಡಲಿ?

ಅಂಗಡಿ ಮಾಲೀಕರು, ಕೊಪ್ಪಳ: ‘ರೆಸ್ಪೆಕ್ಟೆಡ್ ಸರ್’ ಅಂತ ಹಾಕಿಬಿಡಿ. ಗೌರವ ಕೊಟ್ಟರೆ ಯಾರೂ ಬೇಜಾರಾಗಲ್ಲ.

ಎಂಜಿನಿಯರ್, ಬಳ್ಳಾರಿ: ನಾನು ಬೇಜಾರಾಗ್ತೀನಿ. ನನ್ನ ಹೆಸರೂ ಕಿರಣ್, ನಾನು ಹೆಂಗಸು. ಬರುವ ಪತ್ರಗಳಲ್ಲಿ ಜಾಸ್ತಿ ಪಾಲು ‘ಸರ್’ ಅಂತಲೇ. ಆ ಕುರ್ಚಿಯಲ್ಲಿ ಹೆಂಗಸು ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲವಲ್ಲ ಅನಿಸುತ್ತದೆ.

ಉತ್ತರ (ಕಚೇರಿ ಪತ್ರವ್ಯವಹಾರ ಕಲಿಸುವವರು, ರಾಯಚೂರು): ‘ಡಿಯರ್ ಕಿರಣ್ ಆರ್.’ ಅಂತ ಬರೆಯಿರಿ. ಅವರು ಹೆಸರನ್ನು ಹೇಗೆ ಬರೆದುಕೊಳ್ಳುತ್ತಾರೋ ಹಾಗೇ, ಪೂರ್ತಿಯಾಗಿ. ಮಿಸ್ಟರ್, ಮಿಸ್ ಯಾವುದೂ ಬೇಡ. ‘ಮಿಸ್ಟರ್ ಆರ್.’ ಅಂತೂ ಬೇಡವೇ ಬೇಡ. ಆ ‘ಆರ್’ ತಂದೆಯ ಹೆಸರಿನದೋ ಊರಿನದೋ ಇರಬಹುದು. ನಮ್ಮ ಕಡೆ ಪಾಟೀಲ, ಹಿರೇಮಠ ಅಂತ ಇರುವ ಹಾಗೆ ಅದು ಅಡ್ಡಹೆಸರೇ ಅಂತ ಹೇಳಲಾಗದು. ಹೆಸರು ಹಾಕಿ ಶುರು ಮಾಡಿದ್ದರಿಂದ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’ ಹಾಕಿ. ‘ಫೇತ್‌ಫುಲಿ’ ‘ಡಿಯರ್ ಸರ್’ ಜೊತೆಗೆ ಹೋಗುವ ಮಾತು. ನಡುವೆ ಎಲ್ಲೂ ‘ಸರ್’ ನುಸುಳದಂತೆ ಒಮ್ಮೆ ಓದಿ ನೋಡಿ. ತಪ್ಪು ಆಗೋದು ಅಲ್ಲೇ.

ಮೇಲ್ ಕಳಿಸುವ ಮುಂಚೆ ಅವರ ಆಫೀಸಿಗೆ ಒಂದು ಫೋನ್ ಮಾಡಬಹುದು. ‘ಕಿರಣ್ ಅವರು ಇದ್ದಾರಾ?’ ಅಂತ ಕೇಳಿ. ಕನ್ನಡದಲ್ಲಿ ಈ ಮಾತು ಇಬ್ಬರಿಗೂ ಸಲ್ಲುತ್ತದೆ. ‘ಮೇಡಂ ಮೀಟಿಂಗ್‌ನಲ್ಲಿದ್ದಾರೆ’ ಅಂತ ಬಂದರೆ ಉತ್ತರ ಸಿಕ್ಕಿತು, ಅಲ್ವಾ?

ಗುಮಾಸ್ತರು, ಕೊಪ್ಪಳ: ನಾನು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವಾಗ ‘ಮಾನ್ಯರೇ’ ಅಂತ ಹಾಕುತ್ತೇನೆ. ಅದು ತಪ್ಪಾ?

ಉತ್ತರ: ಇಲ್ಲ ರೀ, ಅದೇ ಸರಿ. ‘ಮಾನ್ಯರೇ’, ‘ತಾವು’ ಎರಡೂ ಗಂಡು ಹೆಣ್ಣು ಭೇದ ಮಾಡಲ್ಲ. ಕನ್ನಡದಲ್ಲಿ ಬರೆದರೆ ಈ ತೊಡಕೇ ಇಲ್ಲ. ಅವರು ಕೇಳಿದ್ದು ಇಂಗ್ಲಿಷ್ ಮೇಲ್ ಬಗ್ಗೆ.

ಪ್ರಶ್ನೆ ಕೇಳಿದವರು: ಕಳಿಸಿದೆ. ಅವರ ಉತ್ತರವೂ ಬಂತು. ನನ್ನನ್ನು ಹೆಸರು ಹಿಡಿದೇ ಕರೆದು, ಕೊನೆಗೆ ಬರೀ ‘ಕಿರಣ್’ ಅಂತ ಸಹಿ ಹಾಕಿದ್ದಾರೆ. ಕೆಳಗೆ ‘ಜನರಲ್ ಮ್ಯಾನೇಜರ್’ ಅಂತಿದೆ. ಈಗ?

ಉತ್ತರ: ಅವರೇ ಬಾಗಿಲು ತೆರೆದಿದ್ದಾರೆ. ಮುಂದಿನ ಮೇಲ್‌ನಲ್ಲಿ ‘ಡಿಯರ್ ಕಿರಣ್’ ಸಾಕು.

ಅಂಗಡಿ ಮಾಲೀಕರು: ಅಷ್ಟು ದೊಡ್ಡವರನ್ನು ಬರೀ ಹೆಸರಿನಿಂದ ಕರೆಯೋದಕ್ಕೆ ನನಗಂತೂ ನಾಲಿಗೆ ಏಳಲ್ಲ.

ಎಂಜಿನಿಯರ್: ಹಾಗಿದ್ದರೆ ಪೂರ್ತಿ ಹೆಸರನ್ನೇ ಮುಂದುವರಿಸಿ. ಸ್ವಲ್ಪ ಬಿಗಿ ಅನಿಸುತ್ತೆ, ಆದರೆ ‘ಸರ್’ಗಿಂತ ಎಷ್ಟೋ ವಾಸಿ.

ಪ್ರಶ್ನೆ ಕೇಳಿದವರು: ನನಗೂ ‘ಡಿಯರ್ ಕಿರಣ್’ ಟೈಪ್ ಮಾಡಿ ಎರಡು ಸಲ ಅಳಿಸಿದ್ದಾಯಿತು. ಈ ಸಲ ‘ಕಿರಣ್ ಆರ್.’ ಅಂತಲೇ ಕಳಿಸುತ್ತೇನೆ.