ಅರ್ಧ ಓಡಿದ ಗೂಗಲ್ ಆಡ್ಸ್ ಖಾತೆಯನ್ನು ಬೇರೆಯವರಿಗೆ ಒಪ್ಪಿಸುವಾಗ ಏನು ಬರೆದಿಡಬೇಕು?

ಪ್ರಶ್ನೆ (ಬೆಂಗಳೂರು, ಏಜೆನ್ಸಿಯಲ್ಲಿ ಕೆಲಸ): ಮಾಡ್ಯುಲರ್ ಕಿಚನ್ ಮಾಡುವವರೊಬ್ಬರ ಗೂಗಲ್ ಆಡ್ಸ್ ಖಾತೆಯನ್ನು ಐದು ತಿಂಗಳಿಂದ ನೋಡಿಕೊಳ್ಳುತ್ತಿದ್ದೇನೆ. ನನಗಿಂತ ಮೊದಲು ಇಬ್ಬರು ಬಂದು ಹೋಗಿದ್ದಾರೆ. ಇನ್ನು ಎಂಟು ದಿನಕ್ಕೆ ನಾನು ಬೇರೆ ಟೀಮಿಗೆ. 14 ಕ್ಯಾಂಪೇನ್‌ಗಳಲ್ಲಿ 4 ಮಾತ್ರ ಓಡುತ್ತಿವೆ. ಹೊಸ ಹುಡುಗನಿಗೆ ಏನು ಬರೆದುಕೊಡಲಿ? ಕಳೆದ ತಿಂಗಳ ರಿಪೋರ್ಟ್ ಸಾಕು ಅಂತಾರೆ ಬಾಸ್. ಅದರಲ್ಲಿ 1,20,000 ರೂಪಾಯಿಗೆ 240 ಕನ್ವರ್ಷನ್, ತಲಾ 500. ಕ್ಲೈಂಟ್ ಮಾತ್ರ "ಇಷ್ಟು ಜನ ಎಲ್ಲಿ ಬಂದ್ರಮ್ಮ?" ಅಂತ ಕೇಳ್ತಾರೆ.

ಮೊದಲ ಉತ್ತರ: ಇಷ್ಟಕ್ಕೆ ನೋಟ್ ಯಾಕೆ ಮೇಡಂ? Change history ಇದೆಯಲ್ಲ. ಎರಡು ವರ್ಷದ ಬದಲಾವಣೆ ಯಾರು, ಯಾವಾಗ ಮಾಡಿದ್ದು ಅಂತ ಅದೇ ಹೇಳುತ್ತೆ. ಲಿಂಕ್ ಕೊಟ್ಟುಬಿಡಿ.

ಇನ್ನೊಬ್ಬರು (ಹನ್ನೆರಡು ವರ್ಷದಿಂದ ಇದೇ ಕೆಲಸ): ಅರ್ಧ ಸರಿ ಸರ್. ಯಾರು ಏನು ಮಾಡಿದರು ಅಂತ ಸಿಗುತ್ತೆ, ಯಾಕೆ ಮಾಡಿದರು ಅಂತ ಸಿಗಲ್ಲ. ಜೊತೆಗೆ ವೆಬ್‌ಸೈಟ್ ಕಡೆ ಟ್ಯಾಗ್ ಬದಲಾಯಿಸಿದ್ದರೆ ಅದು ಅಲ್ಲಿ ಬರುವುದೇ ಇಲ್ಲ. ಟ್ಯಾಗ್ ಮ್ಯಾನೇಜರ್‌ನ ವರ್ಷನ್ ಪಟ್ಟಿಯಲ್ಲಿ ಹುಡುಕಬೇಕು, ಅದೂ ಟ್ಯಾಗ್ ಅಲ್ಲಿಂದಲೇ ಹಾಕಿದ್ದರೆ.

ಮೇಡಂ, ನೋಟ್ ಆಮೇಲೆ ಬರೆಯಿರಿ. ಮೊದಲು ಕ್ಯಾಂಪೇನ್ ಪುಟದಲ್ಲಿ Segment ಒತ್ತಿ, Conversions ಒಳಗೆ Conversion action ಆರಿಸಿ. ಆ 240 ಯಾವ ಯಾವುದರಿಂದ ಬಂತು ಅಂತ ಹೇಳಿ. ಕ್ಲೈಂಟ್ ಹತ್ತಿರ ವಿಚಾರಣೆಯ ಪುಸ್ತಕ ಇದ್ದರೆ ಅದರ ಲೆಕ್ಕವನ್ನೂ ಕೇಳಿ.

ಕೇಳಿದವರು: ನೋಡಿದೆ. ಗೂಗಲ್ ಆಡ್ಸ್ ಟ್ಯಾಗ್‌ನ ಫಾರ್ಮ್ 95. ಅನಲಿಟಿಕ್ಸ್‌ನಿಂದ ತಂದ ಥ್ಯಾಂಕ್ಯೂ ಪೇಜ್ 90. ಫೋನ್ ಬಟನ್ ಕ್ಲಿಕ್ 55. ಮೂರೂ Primary. ಕ್ಲೈಂಟ್ ಪುಸ್ತಕದಲ್ಲಿ 88 ಇವೆ: ಫಾರ್ಮ್‌ನಿಂದ 74, ಫೋನ್‌ನಿಂದ 14. ಅಂದರೆ ಒಂದೇ ಫಾರ್ಮ್ ಎರಡು ಸಲ ಎಣಿಕೆ ಆಗ್ತಿದೆ, ಅಲ್ವಾ? ಥೂ, ಐದು ತಿಂಗಳು ಇದನ್ನೇ ಕ್ಲೈಂಟ್‌ಗೆ ಕಳಿಸಿದ್ದೇನೆ.

ಹನ್ನೆರಡು ವರ್ಷದವರು: ಹೌದು. ಬೇಜಾರಾಗಬೇಡಿ, ಇಂಥದ್ದನ್ನೇ ನಾನು ಒಂದು ವರ್ಷ ಕಳಿಸಿದ್ದೆ.

ನಿಮ್ಮ ನೋಟ್‌ನ ಮೊದಲ ಪ್ಯಾರಾ ಇದೇ ಆಗಿರಲಿ. ಯಾಕೆ ಅಂದರೆ ಹೊಸಬ ಚುರುಕಾಗಿದ್ದರೆ ಮೊದಲ ವಾರದಲ್ಲೇ ಈ ಎರಡೆಣಿಕೆ ಕಂಡುಹಿಡಿಯುತ್ತಾನೆ, ಖುಷಿಯಿಂದ ತೆಗೆದುಹಾಕುತ್ತಾನೆ. ಅಲ್ಲೇ ಖಾತೆ ಮಲಗುತ್ತೆ. ನಿಮ್ಮ Target CPA, ಅಂದರೆ ಒಂದು ಕನ್ವರ್ಷನ್‌ಗೆ ಇಟ್ಟ ಖರ್ಚಿನ ಗುರಿ, 500 ಇರಬೇಕು, ಹೌದಾ? ಆ 500 ಹುಟ್ಟಿದ್ದೇ ಎರಡೆರಡು ಸಲ ಎಣಿಸಿದ ಲೆಕ್ಕದಲ್ಲಿ. ಅನಲಿಟಿಕ್ಸ್ ಮತ್ತು ಫೋನ್ ಕ್ಲಿಕ್ ಎರಡನ್ನೂ Secondary ಮಾಡಿದ ದಿನದಿಂದ ಬಿಡ್ಡಿಂಗ್‌ಗೆ ಕಾಣುವುದು 95 ಮಾತ್ರ. 1,20,000 ಭಾಗಿಸು 95, ತಲಾ ಸುಮಾರು 1,263. ಗುರಿ ಇನ್ನೂ 500 ಅಂತ ಇದ್ದರೆ, "ಎರಡೂವರೆ ಪಟ್ಟು ಜಾಸ್ತಿ ಖರ್ಚಾಗ್ತಿದೆ" ಅಂದುಕೊಂಡು ಅದು ಬಿಡ್ ಇಳಿಸುತ್ತಾ ಹೋಗುತ್ತೆ. ಖರ್ಚು ಕುಸಿಯುತ್ತೆ, ಫಾರ್ಮ್ ನಿಲ್ಲುತ್ತೆ. ತಪ್ಪು ಹೊಸಬನ ತಲೆಗೆ. ಅವನು ಮಾಡಿದ್ದು ಮಾತ್ರ ಸರಿಯಾದ ಕೆಲಸವೇ!

ಅದಕ್ಕೆ ಎರಡೂ ಬದಲಾವಣೆ ಒಂದೇ ದಿನ ಆಗಬೇಕು: Primary ಒಂದಕ್ಕೆ ಇಳಿಯಬೇಕು, ಗುರಿ 1,250ರ ಆಸುಪಾಸಿಗೆ ಏರಬೇಕು. ಆಮೇಲೆ ಎರಡು ವಾರ ಕೈ ಕಟ್ಟಿಕೊಂಡು ಕೂರಬೇಕು. ಕ್ಲಿಕ್ ಮಾಡಿದವರು ನಾಲ್ಕೈದು ದಿನ ಬಿಟ್ಟು ಫಾರ್ಮ್ ತುಂಬಿದರೂ ಆ ಕನ್ವರ್ಷನ್ ಕ್ಲಿಕ್ ಆದ ದಿನದ ಲೆಕ್ಕಕ್ಕೇ ಸೇರುತ್ತೆ. ಅದಕ್ಕೇ ಮೊದಲ ವಾರದ ಅಂಕಿ ಯಾವಾಗಲೂ ಬಡಕಲಾಗಿ ಕಾಣುತ್ತೆ.

ನಾನಾಗಿದ್ದರೆ ನೋಟ್ ಹೀಗೆ ಶುರು ಮಾಡುತ್ತಿದ್ದೆ:

"ಈ ಖಾತೆಯ ಹಳೆಯ ರಿಪೋರ್ಟ್‌ಗಳ 500 ರೂಪಾಯಿ ನಿಜವಲ್ಲ. ಒಂದೇ ಫಾರ್ಮ್ ಎರಡು ಕಡೆ ಎಣಿಕೆ ಆಗಿದೆ, ಫೋನ್ ಬಟನ್ ಮುಟ್ಟಿದವರೂ ಸೇರಿದ್ದಾರೆ. ಕ್ಲೈಂಟ್ ಪುಸ್ತಕದ 88ರ ಲೆಕ್ಕದಲ್ಲಿ ತಲಾ 1,364. ಇದನ್ನು ಇನ್ನೂ ಸರಿಪಡಿಸಿಲ್ಲ. ಸರಿಪಡಿಸುವ ದಿನ Target CPA ಕೂಡ ಬದಲಾಯಿಸಿ. ಕ್ಲೈಂಟ್‌ಗೆ ಈ ವಿಷಯ ಹೇಳಿದ್ದೇವೆ / ಇನ್ನೂ ಹೇಳಿಲ್ಲ."

ಕೊನೆಯ ವಾಕ್ಯದಲ್ಲಿ ಒಂದನ್ನು ಹೊಡೆದುಹಾಕಿ. "ಹೇಳಿಲ್ಲ" ಉಳಿಯುವ ಹಾಗಿದ್ದರೆ ಹೊಸಬನಿಗೆ ಬಿಡಬೇಡಿ, ಈ ಎಂಟು ದಿನದಲ್ಲಿ ನೀವೇ ಹೋಗಿ ಹೇಳಿ.

ಸಕಲೇಶಪುರದಿಂದ ಹೋಮ್‌ಸ್ಟೇ ಮಾಲೀಕರು: ನಮ್ಮದೂ ಇದೇ ಕಥೆ ಸರ್. ಹಳೇ ಏಜೆನ್ಸಿಯವರು ಬಿಟ್ಟುಹೋದರು, ಖಾತೆ ಅವರ ಇಮೇಲಲ್ಲೇ ಇದೆ, ಕೇಳಿದರೆ ಕೊಡ್ತಿಲ್ಲ. ಹೊಸ ಖಾತೆ ತೆಗೆದರೆ ಆಗುತ್ತಾ?

ಹನ್ನೆರಡು ವರ್ಷದವರು: ಅಣ್ಣಾ, ನಿಮ್ಮದು ಬೇರೆ ಜಗಳ. ಅವರು ಕೊಡುವುದೇ ಇಲ್ಲ ಅಂದರೆ ಹೊಸದು ತೆಗೆಯಿರಿ, ಈ ಸಲ ನಿಮ್ಮ ಇಮೇಲಲ್ಲೇ. ಏಜೆನ್ಸಿಯವರು ಅವರ ಮ್ಯಾನೇಜರ್ ಖಾತೆಯಿಂದ ಜೋಡಿಸಿಕೊಳ್ಳಲಿ, Admin ನಿಮ್ಮ ಕೈಯಲ್ಲಿರಲಿ. ಆದರೆ ಒಳ್ಳೆಯದು ನೆನಪಿಸಿದಿರಿ. ಮೇಡಂ, ಖಾತೆಗೆ ಯಾರು ಯಾರು Admin, ದುಡ್ಡು ಯಾರ ಕಾರ್ಡಿಂದ ಹೋಗುತ್ತೆ ಅಂತ ಒಂದು ಸಾಲು ಬರೆಯಿರಿ. ಕೆಲಸ ಬಿಟ್ಟುಹೋದ ಆ ಇಬ್ಬರ ಇಮೇಲ್ ಇನ್ನೂ ಅಲ್ಲೇ ಇದ್ದರೆ ಇವತ್ತೇ ತೆಗೆಸಿ.

ಮತ್ತೊಬ್ಬರು (ಸ್ವಂತ ಏಜೆನ್ಸಿ, ಹುಬ್ಬಳ್ಳಿ): ಎರಡು ವಿಷಯಕ್ಕೆ ನನ್ನ ತಕರಾರಿದೆ. ಒಂದು, ಗುರಿಯನ್ನು 500ರಿಂದ 1,250ಕ್ಕೆ ಒಂದೇ ಏಟಿಗೆ ಏರಿಸಿದರೆ ಅದು ಸಿಕ್ಕಸಿಕ್ಕಲ್ಲಿ ದುಬಾರಿ ಕ್ಲಿಕ್ ಕೊಳ್ಳುತ್ತೆ. ನಾನು ಹಂತ ಹಂತವಾಗಿ ಏರಿಸುತ್ತೇನೆ. ಎರಡು, ಫೋನ್ ಕ್ಲಿಕ್ ಪೂರ್ತಿ Secondary ಮಾಡಿದರೆ ಆ 14 ನಿಜವಾದ ಗಿರಾಕಿಗಳ ಸುಳಿವೇ ಬಿಡ್ಡಿಂಗ್‌ಗೆ ಸಿಗಲ್ಲ. ಅಡುಗೆಮನೆ ಮಾಡಿಸುವ ವಯಸ್ಸಾದವರು ಫಾರ್ಮ್ ತುಂಬಲ್ಲ ರೀ, ಫೋನೇ ಮಾಡೋದು.

ಹನ್ನೆರಡು ವರ್ಷದವರು: ಮೊದಲನೆಯದಕ್ಕೆ ಒಪ್ಪಲ್ಲ. ಇಲ್ಲಿ ಗುರಿ ಏರುತ್ತಿಲ್ಲ, ಅಳತೆಗೋಲು ಬದಲಾಗುತ್ತಿದೆ. ಮೊದಲು ಕೊಟ್ಟಷ್ಟೇ ದುಡ್ಡಿಗೆ ಹೊಸ ಹೆಸರು ಅಷ್ಟೇ. ದಿನದ ಬಜೆಟ್ ಬದಲಾಯಿಸದೆ ಇದ್ದರೆ ತಿಂಗಳ ಖರ್ಚೂ ಅದಕ್ಕೆ ಕಟ್ಟುಬೀಳುತ್ತೆ. ಎರಡನೆಯದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. 55 ಕ್ಲಿಕ್‌ಗೆ 14 ಮಾತುಕತೆ ಅಂದರೆ ನಾಲ್ಕಕ್ಕೆ ಒಂದು. ಅದನ್ನು ಫಾರ್ಮ್‌ಗೆ ಸಮ ಅಂತ ಎಣಿಸೋದು ತಪ್ಪು, ಬಿಡೋದೂ ನಷ್ಟ. ಮೇಡಂ, ಈ ಪ್ರಶ್ನೆಯನ್ನು ಹಾಗೇ ನೋಟ್‌ನಲ್ಲಿ ಬರೆಯಿರಿ, ಹೊಸಬ ಕ್ಲೈಂಟ್ ಜೊತೆ ಕೂತು ತೀರ್ಮಾನಿಸಲಿ.

ಹುಬ್ಬಳ್ಳಿಯವರು: ಸಮ ಅಲ್ಲ ಅಂತ ನಾನೂ ಒಪ್ಪುತ್ತೇನೆ. ಮೊದಲನೆಯದಕ್ಕೆ ಮಾತ್ರ ನಾನು ನಿಧಾನವಾಗೇ ಏರಿಸೋದು, ಏನೇ ಹೇಳಿ.

ಕೇಳಿದವರು: ನಿಂತಿರುವ ಆ 10 ಕ್ಯಾಂಪೇನ್‌ಗೂ ಒಂದೊಂದು ಪ್ಯಾರಾ ಬರೀಬೇಕಾ?

ಹನ್ನೆರಡು ವರ್ಷದವರು: ಬೇಡ, ಯಾರೂ ಓದಲ್ಲ. ಅಂಕಿ ಚೆನ್ನಾಗಿ ಕಾಣುವ, ಯಾರಾದರೂ ಮತ್ತೆ ಚಾಲೂ ಮಾಡುವ ಆಸೆ ಹುಟ್ಟಿಸುವ ಕ್ಯಾಂಪೇನ್‌ಗೆ ಮಾತ್ರ ಯಾಕೆ ನಿಲ್ಲಿಸಿದಿರಿ ಅಂತ ಬರೆಯಿರಿ. ಹಬ್ಬದ ರಿಯಾಯಿತಿ ಇನ್ನೂ ಜಾಹೀರಾತಿನಲ್ಲೇ ಕೂತಿದೆ, ಲ್ಯಾಂಡಿಂಗ್ ಪೇಜ್ ಈಗ ಇಲ್ಲ, ಇಂಥದ್ದು. ಇನ್ನೊಂದು ನೋಡಿ: Recommendations ಪುಟದಲ್ಲಿ Auto-apply ಆನ್ ಇದೆಯಾ?

ಕೇಳಿದವರು: ಆನ್ ಇದೆ! ನಾನು ಮಾಡಿದ್ದಲ್ಲ. ನಾನು ಸೇರಿಸದ ಬ್ರಾಡ್ ಮ್ಯಾಚ್ ಕೀವರ್ಡ್‌ಗಳು ಎಲ್ಲಿಂದ ಬರ್ತಿವೆ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಸುಮ್ನೆ ಹಿಂದಿನವರನ್ನು ಬೈದುಕೊಂಡೆ. ಈಗ ಆಫ್ ಮಾಡಿ, ಇವತ್ತಿನ ತಾರೀಖು ನೋಟ್‌ಗೆ ಸೇರಿಸಿದೆ. ನಾಳೆ 11ಕ್ಕೆ ಕ್ಲೈಂಟ್ ಹತ್ತಿರ ಹೋಗ್ತಿದ್ದೇನೆ, ಹೊಸ ಹುಡುಗನನ್ನೂ ಕರ್ಕೊಂಡು.