ಮುಚ್ಚಿದ ಅಡುಗೆಮನೆಯಲ್ಲಿ ಗ್ಯಾಸ್ ತುಂಬಿದರೆ ಯಾವಾಗ ಹತ್ತಿಕೊಳ್ಳುತ್ತೆ?

ನಾಗರತ್ನ, ತೀರ್ಥಹಳ್ಳಿ ಹತ್ತಿರ: ಹೋದ ವಾರ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಬರ್ನರ್ ಮಾತ್ರ ಫುಲ್ ಇತ್ತು. ಅಡುಗೆಮನೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ನಾನು ಅಂಗಳದಲ್ಲಿ ಅಡಿಕೆ ಹರಡ್ತಾ ಇದ್ದೆ, ಮುಕ್ಕಾಲು ಗಂಟೆ ಬಿಟ್ಟು ಒಳಗೆ ಬಂದರೆ ವಾಸನೆ. ಏನೂ ಆಗಲಿಲ್ಲ. ಅಳಿಯ ಹೇಳ್ತಾನೆ, ಗ್ಯಾಸ್ ತುಂಬಾ ಜಾಸ್ತಿ ಆದ್ರೆ ಬೆಂಕಿ ಹತ್ತೋದೇ ಇಲ್ಲ, ಅದಕ್ಕೇ ನೀವು ಬಚಾವ್ ಅಂತ. ಇದು ನಿಜವಾ? ಇನ್ನೊಂದು, ಪಕ್ಕದ ಉಗ್ರಾಣದಲ್ಲಿ ಕಳೆ ಕೊಚ್ಚುವ ಮಿಷನ್‌ಗೆ ಅಂತ 5 ಲೀಟರ್ ಪೆಟ್ರೋಲ್ ಕ್ಯಾನ್ ಇಟ್ಟಿದ್ದೇವೆ. ಅದೂ ಹಾಗೇನಾ? ಅಡುಗೆಮನೆ 10 ಅಡಿಗೆ 8 ಅಡಿ, ಎತ್ತರ 10 ಅಡಿ.

ಪ್ರಭಾಕರ್, ಫೈರ್ ಅಂಡ್ ಸೇಫ್ಟಿ, ಮಂಗಳೂರು: ನಾಗರತ್ನಮ್ಮ, ಅಳಿಯ ಹೇಳಿದ ನಿಯಮ ಇದೆ. ಆದರೆ ನೀವು ಬಚಾವಾಗಿದ್ದು ಅದರಿಂದ ಅಲ್ಲ.

ಗಾಳಿಯಲ್ಲಿ ಅಡುಗೆ ಗ್ಯಾಸ್ ನೂರಕ್ಕೆ ಸುಮಾರು 2 ಭಾಗಕ್ಕಿಂತ ಕಮ್ಮಿ ಇದ್ದರೆ ಕಿಡಿ ತಗುಲಿದರೂ ಬೆಂಕಿ ಹಬ್ಬುವುದಿಲ್ಲ. ಸುಮಾರು 9 ಭಾಗ ದಾಟಿದರೆ ಉರಿಯಲು ಬೇಕಾದಷ್ಟು ಗಾಳಿ ಸಿಗದೆ ಆಗಲೂ ಹಬ್ಬುವುದಿಲ್ಲ. ಈ ಎರಡರ ನಡುವೆ ಇದ್ದರೆ ಹತ್ತಿಕೊಳ್ಳುತ್ತದೆ. ಮೂರೂವರೆ, ನಾಲ್ಕರ ಆಸುಪಾಸು ಹೊಡೆತ ಎಲ್ಲಕ್ಕಿಂತ ಜೋರು.

ಈಗ ನಿಮ್ಮ ಅಡುಗೆಮನೆಯನ್ನೇ ಲೆಕ್ಕ ಹಾಕೋಣ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 22,600 ಲೀಟರ್. ಒಂದು ಕೆಜಿ ಎಲ್‌ಪಿಜಿ ಅನಿಲವಾದಾಗ ಸುಮಾರು 470 ಲೀಟರ್ ಆಗುತ್ತದೆ. ದೊಡ್ಡ ಬರ್ನರ್ ಫುಲ್ ಇಟ್ಟರೆ ಗಂಟೆಗೆ 150 ರಿಂದ 200 ಗ್ರಾಂ ಹೋಗುತ್ತದೆ ಅಂದುಕೊಳ್ಳಿ. ಮುಕ್ಕಾಲು ಗಂಟೆಗೆ 110 ರಿಂದ 150 ಗ್ರಾಂ, ಅಂದರೆ 50 ರಿಂದ 70 ಲೀಟರ್ ಅನಿಲ. ಇಡೀ ಕೋಣೆಗೆ ಸಮವಾಗಿ ಹರಡಿದ್ದರೆ ನೂರಕ್ಕೆ ಕಾಲು ಭಾಗದಷ್ಟು. ಕೆಳಗಿನ ಮಿತಿಗೂ ತುಂಬಾ ಕಮ್ಮಿ. ಗ್ಯಾಸ್ ಜಾಸ್ತಿ ಆಗಿ ನೀವು ಉಳಿದಿದ್ದಲ್ಲ ಅಂದಿದ್ದು ಇದಕ್ಕೇ. ಇಡೀ ಕೋಣೆ ಮೇಲಿನ ಮಿತಿ ದಾಟಬೇಕಾದರೆ 4 ಕೆಜಿಗೂ ಮೇಲೆ ಸೋರಬೇಕು. ಒಂದು ಬರ್ನರ್‌ನಿಂದ ಅಷ್ಟು ಹೋಗಲು ಹೆಚ್ಚುಕಮ್ಮಿ ಒಂದು ದಿನ ಬೇಕು.

ಆದರೆ ಎಲ್‌ಪಿಜಿ ಸಮವಾಗಿ ಹರಡುವುದಿಲ್ಲ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಕಟ್ಟೆಯಿಂದ ಕೆಳಗೆ ಜಾರಿ ನೆಲದ ಮೇಲೆ ಕೂರುತ್ತದೆ. ಅದೇ 50-70 ಲೀಟರ್ ನೆಲದಿಂದ ಒಂದು ಅಡಿ ಎತ್ತರದೊಳಗೇ ನಿಂತಿದ್ದರೆ ಅಲ್ಲಿನ ಲೆಕ್ಕ ನೂರಕ್ಕೆ 2 ದಾಟಿ 3ರವರೆಗೂ ಬರುತ್ತದೆ. ನಿಮ್ಮ ಮೂಗಿನ ಮಟ್ಟದಲ್ಲಿ ಬರೀ ವಾಸನೆ, ಪಾದದ ಹತ್ತಿರ ಹತ್ತಿಕೊಳ್ಳುವ ಮಿಶ್ರಣ. ಫ್ರಿಜ್ ಅಡುಗೆಮನೆಯಲ್ಲೇ ಇದೆಯಾ? ಹಳೇ ಫ್ರಿಜ್‌ಗಳಲ್ಲಿ ಕಂಪ್ರೆಸರ್ ಆನ್ ಮಾಡುವ ರಿಲೇ ಹಿಂದುಗಡೆ ಕೆಳಗೇ ಇರುತ್ತದೆ. ಯಾರೂ ಸ್ವಿಚ್ ಮುಟ್ಟದಿದ್ದರೂ ಅದು ತಾನಾಗಿ ಆನ್ ಆಗುತ್ತದೆ, ಆಗ ಸಣ್ಣ ಕಿಡಿ ಬರುತ್ತದೆ. ಗ್ಯಾಸ್ ಹತ್ತಿಕೊಳ್ಳಲು ಅಷ್ಟು ಕಿಡಿ ಧಾರಾಳವಾಗಿ ಸಾಕು.

ನಿಮ್ಮ ಕಡೆ ಹಳೇ ಮನೆಗಳಲ್ಲಿ ಅಡುಗೆಮನೆಯಿಂದ ಬಚ್ಚಲಿಗೆ ಇಳಿಜಾರು, ನೀರು ಹೋಗುವ ಕಿಂಡಿ ಇರುತ್ತದೆ ಅಲ್ವಾ? ಗ್ಯಾಸೂ ಅದೇ ದಾರಿಯಲ್ಲಿ ಹೋಗುತ್ತದೆ. ಅಲ್ಲಿ ಬಚ್ಚಲೊಲೆಯಲ್ಲಿ ಕೆಂಡ ಇದ್ದರೆ ಅಡುಗೆಮನೆಯಲ್ಲಿ ಕಿಡಿಯೇ ಬೇಕಿಲ್ಲ. ಬೆಂಕಿ ಅಲ್ಲಿ ಹತ್ತಿ, ಗ್ಯಾಸ್ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಬರುತ್ತದೆ.

ವಿನಯ್: ನಾಗರತ್ನಮ್ಮನ ಅಳಿಯ ನಾನೇ. ಸರ್, ಸಿಲಿಂಡರ್ ಪೈಪೇ ಕಿತ್ತು ಬಂದು ರಾತ್ರಿಯೆಲ್ಲ ಸೋರಿದರೆ? ಆಗ 9 ದಾಟುತ್ತೆ ತಾನೇ? ಸಿಲಿಂಡರಲ್ಲಿ 14.2 ಕೆಜಿ ಇರುತ್ತೆ. ಆಗ ಬೆಂಕಿ ಹತ್ತಲ್ಲ ಅನ್ನೋದು ಸರಿ ಆಯ್ತಲ್ಲ.

ಪ್ರಭಾಕರ್: ಕೋಣೆಯ ನಡುಭಾಗದಲ್ಲಿ ಸರಿ. ಆದರೆ ಆ ರಾಶಿಗೆ ಒಂದು ಅಂಚು ಇರುತ್ತಲ್ಲ. ಬಾಗಿಲ ಸಂದಿ, ಕಿಟಕಿ ಬದಿ, ಗ್ಯಾಸಿನ ಪದರದ ಮೇಲ್ಭಾಗ, ಇಲ್ಲೆಲ್ಲ ಗಾಳಿ ಬೆರೆತು 9ರಿಂದ ಸೊನ್ನೆವರೆಗೆ ಇಳಿಯುತ್ತದೆ. ಆ ಇಳಿತದಲ್ಲಿ ಎಲ್ಲೋ ಒಂದು ಕಡೆ 4 ಇದ್ದೇ ಇರುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಬೆಳಿಗ್ಗೆ ಬಾಗಿಲು ತೆಗೆದಾಗ. ಒಳಗೆ 12 ಭಾಗ ಇದೆ ಅಂದುಕೊಳ್ಳಿ. ಗಾಳಿ ನುಗ್ಗಿದಂತೆ ಅದು 10, 8, 5, 3 ಅಂತ ಇಳಿಯುತ್ತದೆ. ಬಾಗಿಲು ತೆಗೆಯುವ ಮೊದಲು ಹತ್ತದೇ ಇದ್ದ ಕೋಣೆ ತೆಗೆದ ಮೇಲೆ ಹತ್ತುವ ಕೋಣೆ ಆಗುತ್ತದೆ. ತೆಗೆಯಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆ ಹೊತ್ತಿನಲ್ಲಿ ಒಂದು ಸ್ವಿಚ್ಚನ್ನೂ ಮುಟ್ಟಬಾರದು. ಆನ್ ಮಾಡುವುದೂ ಬೇಡ, ಆನ್ ಇದ್ದದ್ದನ್ನು ಆಫ್ ಮಾಡುವುದೂ ಬೇಡ. ಎಕ್ಸಾಸ್ಟ್ ಫ್ಯಾನ್ ಅಂತೂ ಬೇಡವೇ ಬೇಡ. ಕೈಗೆ ಸಿಗುವಂತಿದ್ದರೆ ರೆಗ್ಯುಲೇಟರ್ ನಾಬ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ಇರುವ ನಂಬರ್ ಅದೇ. ಹಾಗೆಯೇ ಮನೆ ಹಿಂದಿನ ಒಲೆ, ದೀಪ ಯಾವುದೂ ಉರಿಯುತ್ತಿರಬಾರದು.

ಸವಿತಾ, ಬೆಂಗಳೂರು: ನಮ್ಮನೇಲಿ ಗ್ಯಾಸ್ ಅಲಾರಾಂ ಇದೆ. ಇದನ್ನ ಓದಿ ಈಗಲೇ ಕೆಳಗೆ, ನೆಲದ ಹತ್ತಿರ ಹಾಕಿಸ್ತೀನಿ. ನಮ್ಮದು ಪೈಪ್ ಗ್ಯಾಸ್. ಅಲಾರಾಂನಲ್ಲಿ 20 ಅಂತ ತೋರಿಸಿದ್ರೆ ಮೇಲಿನ ಮಿತಿ ದಾಟಿದೆ ಅಂತ ತಾನೇ?

ಪ್ರಭಾಕರ್: ಬೇಡ ಸವಿತಾ ಅವರೇ, ಕೆಳಗೆ ಹಾಕಿಸಬೇಡಿ. ಪೈಪಿನಲ್ಲಿ ಬರುವುದು ಹೆಚ್ಚಾಗಿ ಮೀಥೇನ್. ಅದು ಗಾಳಿಗಿಂತ ಹಗುರ, ಚಾವಣಿಗೆ ಏರುತ್ತದೆ. ನಿಮ್ಮ ಅಲಾರಾಂ ಮೇಲೇ ಇರಬೇಕು. ಅದರ ಮಿತಿಗಳೂ ಬೇರೆ, 5 ರಿಂದ 15. ಕೆಳಗಿನ ಮಿತಿ ಎಲ್‌ಪಿಜಿಗಿಂತ ಜಾಸ್ತಿ ಇರುವುದು ಒಳ್ಳೆಯದೇ. ಹಾಗಂತ ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಮೀಟರಿನ 20 ಅಂದರೆ ಕೋಣೆಯಲ್ಲಿ ನೂರಕ್ಕೆ 20 ಭಾಗ ಗ್ಯಾಸ್ ಅಂತಲ್ಲ. ಪಕ್ಕದಲ್ಲಿ `%LEL` ಅಂತ ಇದೆಯಾ ನೋಡಿ. ಇದ್ದರೆ ಅದು ಕೆಳಗಿನ ಮಿತಿಯನ್ನೇ 100 ಅಂತ ಇಟ್ಟುಕೊಂಡು ಅಳೆಯುತ್ತದೆ. 20 ಅಂದರೆ ಆ ಮಿತಿಯ ಐದನೇ ಒಂದು ಭಾಗ, ಮೀಥೇನ್‌ಗಾದರೆ ಗಾಳಿಯಲ್ಲಿ ನೂರಕ್ಕೆ 1. ಅಡುಗೆ ಗ್ಯಾಸಿಗೆ ವಾಸನೆ ಬೆರೆಸುವಾಗಲೂ ಇದೇ ಅಳತೆ. ಕೆಳಗಿನ ಮಿತಿಯ ಐದನೇ ಒಂದು ಭಾಗ ಮುಟ್ಟುವಷ್ಟರಲ್ಲಿ ಮೂಗಿಗೆ ಗೊತ್ತಾಗುವಂತೆ ಬೆರೆಸುತ್ತಾರೆ. ಆದರೆ ಅದರ ಮಧ್ಯೆಯೇ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ವಾಸನೆ ಕಮ್ಮಿಯಾಯ್ತು ಅಂದರೆ ಗ್ಯಾಸ್ ಕಮ್ಮಿಯಾಯ್ತು ಅಂತ ನಂಬಬೇಡಿ.

ಕೈಯಲ್ಲಿ ಹಿಡಿಯುವ ಮೀಟರ್ ಬಳಸುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಹಳೇ ಬಗೆಯ ಸೆನ್ಸರ್ ಗ್ಯಾಸನ್ನು ಒಳಗೇ ಸುಟ್ಟು ಅಳೆಯುತ್ತದೆ, ಸುಡಲು ಆಮ್ಲಜನಕ ಬೇಕು. ಮೇಲಿನ ಮಿತಿ ದಾಟಿದ ಜಾಗಕ್ಕೆ ಹಿಡಿದರೆ ಮುಳ್ಳು ಒಮ್ಮೆ 100 ದಾಟಿ ಹಾರಿ, ಮತ್ತೆ ಕೆಳಗೆ ಬೀಳುತ್ತದೆ. ಬಿದ್ದ ಮೇಲಿನ ಅಂಕಿಯನ್ನಷ್ಟೇ ನೋಡಿದವನು ಸೇಫ್ ಅಂದುಕೊಂಡು ಒಳಗೆ ಹೋಗುತ್ತಾನೆ. ಮೊದಲು ಹಾರಿದ್ದನ್ನು ನೋಡಬೇಕು.

ನಾಗರತ್ನ: ಫ್ರಿಜ್ ಅಡುಗೆಮನೆಯಲ್ಲೇ ಇದೆ. ಬಚ್ಚಲಿಗೆ ಕಿಂಡಿಯೂ ಇದೆ. ಪೆಟ್ರೋಲ್ ಕ್ಯಾನ್ ಬಗ್ಗೆ ಹೇಳಲಿಲ್ಲ.

ಪ್ರಭಾಕರ್: ಪೆಟ್ರೋಲ್ ಆವಿಯ ಮಿತಿ ಇನ್ನೂ ಕೆಳಗೆ, ಸುಮಾರು 1.4 ರಿಂದ 7.6. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮುಚ್ಚಳ ಹಾಕಿದ ಕ್ಯಾನ್ ಒಳಗೆ, ಪೆಟ್ರೋಲಿನ ಮೇಲಿನ ಖಾಲಿ ಜಾಗದಲ್ಲಿ, ನಮ್ಮ ಬಿಸಿಲಿಗೆ ಆವಿಯೇ ಮೂರನೇ ಒಂದು ಭಾಗದಷ್ಟು ಇರುತ್ತದೆ. ಮೇಲಿನ ಮಿತಿಗಿಂತ ಎಷ್ಟೋ ಜಾಸ್ತಿ. ಇಲ್ಲಿ ಮಾತ್ರ ವಿನಯ್ ಹೇಳಿದ ನಿಯಮ ಸರಿಯಾಗಿ ಕೂರುತ್ತದೆ. ಪೆಟ್ರೋಲ್ ಇರುವ ಬೈಕ್ ಟ್ಯಾಂಕ್ ಒಳಗೆ ಕಿಡಿ ಬಿದ್ದರೂ ಸಾಮಾನ್ಯವಾಗಿ ಸಿಡಿಯದಿರುವುದು ಇದರಿಂದಲೇ.

ಅಪಾಯ ಇರುವುದು ಕ್ಯಾನಿನ ಹೊರಗೆ. ಉಗ್ರಾಣದಲ್ಲಿ ಕ್ಯಾನ್ ಓರೆಯಾಗಿ ಒಂದು ಲೋಟದಷ್ಟು, ಅಂದರೆ 170 ಎಂಎಲ್ ಆಸುಪಾಸು ಚೆಲ್ಲಿದರೆ ಸಾಕು. ಅದು ಪೂರ್ತಿ ಆವಿಯಾದರೆ ನಿಮ್ಮ ಅಡುಗೆಮನೆಯಷ್ಟೇ ದೊಡ್ಡ ಕೋಣೆಯಲ್ಲಿ ನೆಲದ ಒಂದು ಅಡಿಯವರೆಗೆ 1.4 ತಲುಪುತ್ತದೆ. ಎಲ್‌ಪಿಜಿಯ ಹಾಗೆ ಮೂಗಿಗೆ ರಾಚುವ ವಾಸನೆಯೂ ಇಲ್ಲ, ಪೆಟ್ರೋಲ್ ವಾಸನೆ ಅಭ್ಯಾಸ ಆಗಿರುತ್ತದೆ. ಕ್ಯಾನ್ ಹೊರಗೆ, ನೆರಳಲ್ಲಿ, ಬಚ್ಚಲೊಲೆಯಿಂದ ದೂರ ಇರಲಿ. ಮಿಷನ್‌ಗೆ ತುಂಬಿಸುವುದೂ ಅಂಗಳದಲ್ಲೇ ಆಗಲಿ, ಎಂಜಿನ್ ತಣ್ಣಗಾದ ಮೇಲೆ.

ಇಮ್ತಿಯಾಜ್, ಗ್ಯಾರೇಜ್, ಶಿವಮೊಗ್ಗ: ಸಾರ್ ಹೇಳಿದ್ದು ಕರೆಕ್ಟ್, ಫುಲ್ ಟ್ಯಾಂಕಿಗೆ ಹೆದರಬಾರದು, ಖಾಲಿ ಟ್ಯಾಂಕಿಗೆ ಹೆದರಬೇಕು. ಅದಕ್ಕೇ ನಾವು ಬೈಕ್ ಟ್ಯಾಂಕ್ ವೆಲ್ಡ್ ಮಾಡೋ ಮೊದಲು ಸೋಪ್ ನೀರಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಇಡ್ತೀವಿ. ಏನೂ ಆಗಲ್ಲ.

ಪ್ರಭಾಕರ್: ಇಮ್ತಿಯಾಜ್ ಭಾಯ್, ಮೊದಲರ್ಧದಲ್ಲಿ ಖಾಲಿ ಟ್ಯಾಂಕಿಗೆ ಹೆದರಬೇಕು ಅನ್ನುವುದು ಸರಿ. ಎರಡನೇದು ನನಗೆ ಭಯ. 12 ಲೀಟರ್ ಟ್ಯಾಂಕಿನಲ್ಲಿ 1.4 ಭಾಗ ಅಂದರೆ 170 ಎಂಎಲ್ ಆವಿ. ಅಷ್ಟು ಆವಿ ಬರಲು ಒಂದು ಎಂಎಲ್‌ಗಿಂತ ಕಮ್ಮಿ ಪೆಟ್ರೋಲ್ ಸಾಕು, ಇಪ್ಪತ್ತು ಹನಿಯೂ ಬೇಡ. ಶೀಟ್ ಜೋಡಿಸಿದ ಸೀಮಿನ ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಅಷ್ಟು ಉಳಿದೇ ಉಳಿಯುತ್ತದೆ. ಬಿಸಿಲಲ್ಲಿ ಒಣಗಿದ ಹಾಗೆ ಕಂಡರೂ ವೆಲ್ಡಿಂಗ್ ಬಿಸಿಗೆ ಹೊರಗೆ ಬರುತ್ತದೆ. ತೂತು ಇರುವ ಕಡೆ ಮೇಲೆ ಬರುವಂತೆ ಟ್ಯಾಂಕ್ ತಿರುಗಿಸಿ, ಅದರ ತುಸು ಕೆಳಗಿನವರೆಗೂ ನೀರು ತುಂಬಿಸಿ, ಬಾಯಿ ತೆರೆದಿಟ್ಟೇ ಕೆಲಸ ಮಾಡಿ. ಖಾಲಿ ಜಾಗವೇ ಇಲ್ಲದಿದ್ದರೆ ಆವಿ ನಿಲ್ಲಲು ಜಾಗ ಎಲ್ಲಿ?

ಇಮ್ತಿಯಾಜ್: ನೀರು ಇದ್ದರೆ ಶೀಟ್ ಬಿಸಿ ಹಿಡಿಯಲ್ಲ ಸಾರ್, ಸೀಮಿನ ಹತ್ತಿರ ವೆಲ್ಡ್ ನಿಲ್ಲಲ್ಲ, ಮತ್ತೆ ಸೋರುತ್ತೆ. ಟೈರಿಗೆ ಹಾಕೋ ನೈಟ್ರೋಜನ್ ಬಿಟ್ಟರೆ ಆಗಲ್ವಾ?

ಪ್ರಭಾಕರ್: ಸೀಮಿನ ಹತ್ತಿರ ಕಷ್ಟ ಅನ್ನುವುದು ನಿಮ್ಮ ಅನುಭವ, ಒಪ್ಪುತ್ತೇನೆ. ನೈಟ್ರೋಜನ್ ಸಿದ್ಧಾಂತದಲ್ಲಿ ಸರಿ. ಒಳಗಿನ ಆಮ್ಲಜನಕ ನೂರಕ್ಕೆ 12ರ ಕೆಳಗೆ ಇಳಿದರೆ ಆವಿ ಎಷ್ಟಿದ್ದರೂ ಹತ್ತುವುದಿಲ್ಲ. ಆದರೆ ತೂತಿನಿಂದ, ಬಾಯಿಯಿಂದ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಕೆಲಸ ಮುಗಿಯುವವರೆಗೂ ನೈಟ್ರೋಜನ್ ಹರಿಯುತ್ತಲೇ ಇರಬೇಕು, ಒಳಗೆ ಆಮ್ಲಜನಕದ ಮೀಟರ್ ಇಳಿಸಿ ನೋಡಬೇಕು. ಟೈರ್ ಅಂಗಡಿಯ ಮಿಷನ್ನಿಂದ ಬರುವ ನೈಟ್ರೋಜನ್ ಎಷ್ಟು ಶುದ್ಧ ಅನ್ನುವುದು ಆ ಮಿಷನ್ ಮೇಲೆ ಹೋಗುತ್ತದೆ. ಮೀಟರ್ ಇಲ್ಲದೆ ಮಾಡಿ ಅಂತ ನಾನು ಹೇಳಲಾರೆ.

ಇಮ್ತಿಯಾಜ್: ಆ ಮೀಟರ್ ಬಾಡಿಗೆಗೆ ಸಿಗುತ್ತಾ ಸಾರ್? ಕೊಳ್ಳೋಕೆ ನಮ್ಮಂಥ ಗ್ಯಾರೇಜಿಗೆ ಆಗಲ್ಲ.

ವಿನಯ್: ಸರ್, ನಿಮ್ಮ ಲೆಕ್ಕದಲ್ಲಿ ಒಂದು ಡೌಟು. ಗ್ಯಾಸ್ ಒಂದು ಅಡಿಯಲ್ಲೇ ನಿಲ್ಲುತ್ತೆ ಅಂತ ಹೇಗೆ ಹೇಳ್ತೀರಿ? ಒಲೆ ಕಟ್ಟೆ ಮೇಲಿದೆ, ಬೀಳುವಾಗಲೇ ಗಾಳಿ ಜೊತೆ ಬೆರೆಯಲ್ವಾ?

ಪ್ರಭಾಕರ್: ಒಳ್ಳೇ ಪ್ರಶ್ನೆ. ಬೆರೆಯುತ್ತದೆ. ಒಂದು ಅಡಿ ಅನ್ನುವುದು ಲೆಕ್ಕ ತೋರಿಸಲು ನಾನು ಹಿಡಿದದ್ದು. ನಿಧಾನಕ್ಕೆ ಸೋರಿ, ಗಾಳಿ ಅಲುಗದೆ ಇದ್ದರೆ ಪದರ ತೆಳುವಾಗಿಯೇ ನಿಲ್ಲುತ್ತದೆ. ಕಟ್ಟೆಯಿಂದ ಬಿದ್ದರೆ ದಪ್ಪ ಜಾಸ್ತಿ, ಸಾಂದ್ರತೆ ಕಮ್ಮಿ. ಬಾಗಿಲ ಕೆಳಗಿನ ಸಂದಿಯಿಂದ, ಕಿಂಡಿಯಿಂದ ಎಷ್ಟು ಹೊರಗೆ ಹೋಯ್ತು ಅನ್ನುವುದೂ ಬೇರೆ. ಆ ದಿನ ನಿಮ್ಮ ಅಡುಗೆಮನೆ ನೆಲದ ಮೇಲೆ 2 ದಾಟಿತ್ತೋ ಇಲ್ಲವೋ ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಫ್ರಿಜ್ ಎಷ್ಟು ಹಳೇದು, ಕಿಂಡಿಯಿಂದ ಎಷ್ಟು ದೂರ ಇದೆ ನೋಡಿ ಹೇಳಿ. ಒಲೆಯನ್ನು ಬದಲಿಸುವ ಯೋಚನೆ ಇದ್ದರೆ, ಜ್ವಾಲೆ ಆರಿದ ಕೂಡಲೇ ಗ್ಯಾಸ್ ತಾನೇ ನಿಲ್ಲಿಸುವ ಬರ್ನರ್ ಇರುವ ಒಲೆ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ.

ನಾಗರತ್ನ: ಫ್ರಿಜ್ ಹದಿನೈದು ವರ್ಷದ್ದು, ಕಿಂಡಿಯ ಪಕ್ಕದಲ್ಲೇ ಇದೆ. ಇವತ್ತು ಸಾಯಂಕಾಲ ಅದನ್ನು ಜಗಲಿಗೆ ಸಾಗಿಸ್ತೀವಿ. ಕ್ಯಾನ್ ಈಗಾಗಲೇ ಹೊರಗೆ ಹೋಗಿದೆ.